ಬಾರದವರಿಗೂ ಒಂದು ಹಾಡು

ಜರ್ಮನಿಗೆ ಹೋಗಿ ಬಂದೆ ಎಂದ ಕೂಡಲೇ ಗುಬ್ಬಿಯಲ್ಲಿ ಎಲ್ಲರೂ ಕೇಳಿದ್ದು ಏನೇನು ನೋಡಿದಿರಿ ಎಂದು. ಕೋಟೆ ನೋಡಲಿಲ್ಲ, ಅರಮನೆಯನ್ನು ಹೊರಗಿನಿಂದ ನೋಡಿದೆ, ಅದೂ ಮಳೆಯಲ್ಲಿ. ನಾನು ಸರಿಯಾಗಿ ನೋಡಿ ಬಂದದ್ದು ಇಪ್ಪತ್ತು ಮಕ್ಕಳು ನೆಲದ ಮೇಲೆ ದುಂಡಗೆ ಕುಳಿತು ಒಬ್ಬರನ್ನೊಬ್ಬರು ಹೆಸರು ಹಿಡಿದು ಹಾಡಿ ಕರೆಯುವುದನ್ನು. "ಅದನ್ನ ನೋಡಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಎಂದು ಎದುರು ಮನೆಯವರು ಕೇಳಿದರು. ಹೋಗಬೇಕಿತ್ತು ಎಂದೇ ನನಗೆ ಈಗಲೂ ಅನ್ನಿಸುತ್ತದೆ, ಯಾಕೆಂದರೆ ಇಪ್ಪತ್ತು ವರ್ಷ ಮೂಗಿನ ಕೆಳಗೇ ಇದ್ದದ್ದು ನನಗೆ ಕಂಡಿರಲಿಲ್ಲ.

ಅಂತರಸನಹಳ್ಳಿ, ಹೊರಡುವ ಮುನ್ನ

ನನ್ನ ಮನೆ ಗುಬ್ಬಿಯಲ್ಲಿ. ನಾನು ಕಲಿಸುವ ಶಿಶುವಿಹಾರ ಇರುವುದು ತುಮಕೂರಿನ ಅಂತರಸನಹಳ್ಳಿಯಲ್ಲಿ, ಕಾರ್ಖಾನೆಗಳ ಮಗ್ಗುಲಲ್ಲಿ. ದಿನಾ ಎರಡು ಬಸ್ಸು ಹತ್ತಿ ಹೋಗುತ್ತೇನೆ. ಒಂದು ದೊಡ್ಡ ಕೋಣೆ, ಒಂದು ಅಂಗಳ, ಒಂದು ಕಬ್ಬಿಣದ ಗೇಟು, ಇಪ್ಪತ್ತೆರಡು ಮಕ್ಕಳು, ಪ್ರೇಮ ಮಿಸ್ ಎಂಬ ನಾನು, ಮತ್ತು ಹನುಮಕ್ಕ. ಹನುಮಕ್ಕ ಆಯಾ ಅಂತ ಹೆಸರಿಗೆ. ಅವಳು ಒಂದು ದಿನ ಬಾರದಿದ್ದರೆ ಶಾಲೆಗೆ ರಜೆ ಕೊಡಬೇಕಾಗುತ್ತದೆ, ನಾನು ಬಾರದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಆ ಗೇಟಿನ ಬಗ್ಗೆ ನನಗೆ ಹೆಮ್ಮೆ ಇತ್ತು. ಹೊಸ ಮಗು ಅಳುತ್ತಾ ಬಂದರೆ ನನ್ನ ಪದ್ಧತಿ ಒಂದೇ: ತಾಯಿಯ ಸೊಂಟದಿಂದ ಮಗುವನ್ನು ಕಿತ್ತುಕೊಳ್ಳುವುದು, ಗೇಟು ಹಾಕುವುದು, "ಹಿಂದೆ ತಿರುಗಿ ನೋಡ್ದಂಗೆ ಹೋಗ್ಬಿಡಿ" ಎಂದು ತಾಯಿಗೆ ಹೇಳುವುದು. ಎಂಟು ದಿನದಲ್ಲಿ ಅಳು ನಿಲ್ಲುತ್ತಿತ್ತು. ನಿಂತರೆ ನಾನು ಗೆದ್ದ ಹಾಗೆ.

ಸಾನಿಯಾ ಬಂದದ್ದು ಆಗಸ್ಟ್‌ನಲ್ಲಿ. ಮೂರೂವರೆ ವರ್ಷದ ಹುಡುಗಿ, ಮಳೆ ಇರಲಿ ಬಿಸಿಲಿರಲಿ ಕೈಯಲ್ಲೊಂದು ಹಳದಿ ಕೊಡೆ. ಅವಳ ತಾಯಿ ನಸೀಮಾ ಕುಣಿಗಲ್‌ನವಳು, ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಸಿಕ್ಕಿ ಇಲ್ಲಿಗೆ ಮನೆ ಮಾಡಿದ್ದಳು. ಕೆಲಸದ ಬಸ್ಸು ಒಂಬತ್ತಕ್ಕೆ. ಹಾಗಾಗಿ ನನ್ನ ಗೇಟಿನ ಪದ್ಧತಿ ಅವಳಿಗೂ ಅನುಕೂಲವಾಗಿಯೇ ಕಂಡಿತು. ಸಾನಿಯಾ ಸರಿಯಾಗಿ ಎಂಟು ದಿನ ಅತ್ತಳು. ಒಂಬತ್ತನೆಯ ದಿನ ನಿಲ್ಲಿಸಿದಳು. ಅಳುವಿನ ಜೊತೆಗೆ ಮಾತನ್ನೂ ನಿಲ್ಲಿಸಿದಳು. ಬಾಗಿಲ ಬಳಿ ಕೊಡೆ ಹಿಡಿದು ಕೂರುತ್ತಿದ್ದಳು, ಹಾಜರಿ ಕೂಗಿದರೆ ತುಟಿ ಅಲುಗಿಸುತ್ತಿರಲಿಲ್ಲ. ಅಳು ಬಿಟ್ಟರೆ ಅವಳ ದನಿ ಹೇಗಿದೆ ಎಂದು ಎರಡು ತಿಂಗಳಾದರೂ ನನಗೆ ಗೊತ್ತಿರಲಿಲ್ಲ.

ದಸರಾ ರಜೆಗೆ ಮುಂಚಿನ ದಿನ ನಸೀಮಾ ಗೇಟಿನ ಬಳಿ ನಿಂತು, "ಮಿಸ್, ಮನೇಲೂ ಮಾತು ಕಮ್ಮಿ ಮಾಡವ್ಳೆ. ನಮ್ಮಮ್ಮ ಕುಣಿಗಲ್‌ಗೆ ಕಳ್ಸು ಅಂತಾರೆ. ರಜಾ ಮುಗುದ್ಮೇಲೆ ನೋಡ್ತೀನಿ, ಇಲ್ಲಾಂದ್ರೆ ಅಲ್ಲೇ ಬುಡ್ತೀನಿ," ಎಂದಳು. ಅಲ್ಲೇ ಬಿಡುವುದು ಎಂದರೆ ತಾಯಿ ಇಲ್ಲಿ, ಮಗು ಅಲ್ಲಿ, ವಾರಕ್ಕೊಮ್ಮೆ ಭೇಟಿ. ನನಗೆ ಮಗುವಿಗಿಂತ ಮೊದಲು ನನ್ನ ಮರ್ಯಾದೆಯ ಚಿಂತೆ ಹತ್ತಿತು. ಈ ಮಾತು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ.

ಕಾಸೆಲ್, ಮೊದಲ ಬೆಳಗು

ತಂಗಿ ಶೋಭಾ ಜರ್ಮನಿಯ ಕಾಸೆಲ್ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್. ಅವಳ ಮಗ ಚಿನ್ನುವಿಗೆ ನಾಲ್ಕು ವರ್ಷ. ಆ ದಸರಾ ರಜೆಗೆ ನನ್ನನ್ನು ಕರೆಸಿಕೊಂಡಳು, ಟಿಕೆಟ್ ಅವಳದೇ, ಹಠವೂ ಅವಳದೇ. ಚಿನ್ನುವಿನ ಶಿಶುವಿಹಾರದ ಶಿಕ್ಷಕಿ ಬ್ರಿಗಿಟ್ಟೆಗೆ, ನನ್ನ ಅಕ್ಕ ಕೂಡ ನಿಮ್ಮ ಹಾಗೇ ಮಕ್ಕಳ ಮಿಸ್ ಎಂದು ಶೋಭಾ ಹೇಳಿದ್ದೇ ತಡ, ಬಂದು ಕೂತು ನೋಡಲಿ ಎಂದು ಆಕೆ ಕರೆದರಂತೆ. ಒಂದೇ ಷರತ್ತು, ಮೊಬೈಲ್ ಚೀಲದಲ್ಲೇ ಇರಬೇಕು, ಮಕ್ಕಳ ಫೋಟೋ ತೆಗೆಯುವ ಹಾಗಿಲ್ಲ. ನಮ್ಮ ಕಡೆ ಮಗು ಮೂಗು ಒರೆಸಿಕೊಂಡರೂ ವಾಟ್ಸಾಪ್ ಗುಂಪಿಗೆ ಹೋಗುತ್ತದೆ.

ಬಾಗಿಲಲ್ಲೇ ಮೊದಲ ಎಡವಟ್ಟು. ಎಲ್ಲರೂ ಶೂ ಬಿಚ್ಚುತ್ತಿದ್ದರು. ಆಹಾ, ನಮ್ಮ ಊರಿನ ಹಾಗೇ ಎಂದು ಖುಷಿಯಾಗಿ ನಾನೂ ಬಿಚ್ಚಿ, ಸಾಕ್ಸೂ ಬಿಚ್ಚಿ, ಬರಿಗಾಲಲ್ಲಿ ಒಳಗೆ ನಡೆದೆ. ಮಕ್ಕಳೆಲ್ಲ ನನ್ನ ಕಾಲು ನೋಡಿ ನಿಂತುಬಿಟ್ಟರು. ಅಲ್ಲಿ ಹೊರಗಿನ ಶೂ ಬಿಚ್ಚಿ ಒಳಗಿನ ಚಪ್ಪಲಿ ಹಾಕಿಕೊಳ್ಳಬೇಕು, ಪ್ರತಿ ಮಗುವಿಗೂ ಅದರದೇ ಗೂಟ, ಗೂಟದ ಮೇಲೆ ಅದರದೇ ಒಂದು ಚಿತ್ರ. ಚಿನ್ನುವಿನದು ಮುಳ್ಳುಹಂದಿ. ಓದಲು ಬಾರದ ಮಗುವಿಗೂ ತನ್ನ ಜಾಗ ಯಾವುದು ಎಂದು ಗೊತ್ತು. ಒಬ್ಬ ಪುಟ್ಟ ಹುಡುಗಿ ಓಡಿ ಹೋಗಿ ಯಾರದೋ ದೊಡ್ಡ ಉಣ್ಣೆಯ ಚಪ್ಪಲಿ ತಂದು ನನ್ನ ಕಾಲ ಬಳಿ ಇಟ್ಟಳು, ಒಂದು ಕೆಂಪು, ಇನ್ನೊಂದು ನೀಲಿ. ಅದನ್ನೇ ಹಾಕಿಕೊಂಡು ರೇಷ್ಮೆ ಸೀರೆಯಲ್ಲಿ ಒಳಗೆ ಹೋದೆ.

ಸ್ವಲ್ಪ ಹೊತ್ತಿಗೆ ಬ್ರಿಗಿಟ್ಟೆ ಸಣ್ಣ ಗಂಟೆ ಬಾರಿಸಿದರು. ಆಟಿಕೆ ಜೋಡಿಸುವ ಹಾಡೊಂದು ಶುರುವಾಯಿತು. ಅದು ಮುಗಿಯುವುದರೊಳಗೆ ನೆಲ ಖಾಲಿ, ಮಕ್ಕಳೆಲ್ಲ ದುಂಡಗೆ ಇಟ್ಟ ಮೆತ್ತೆಗಳ ಮೇಲೆ. ಮಧ್ಯದಲ್ಲಿ ಒಂದು ಬಟ್ಟೆ, ಅದರ ಮೇಲೆ ದೀಪ, ನಾಲ್ಕು ಒಣಗಿದ ಎಲೆ. ಬ್ರಿಗಿಟ್ಟೆಯೂ ನೆಲದ ಮೇಲೇ, ಮಕ್ಕಳಷ್ಟೇ ಎತ್ತರದಲ್ಲಿ. ಇದಕ್ಕೆ ಅವರು ಬೆಳಗಿನ ಸುತ್ತು ಎನ್ನುತ್ತಾರೆ. ದಿನಾ ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಅದಕ್ಕಿಂತ ಹೆಚ್ಚಾದರೆ ಚಿಕ್ಕವರು ಉರುಳಾಡಲು ಶುರುಮಾಡುತ್ತಾರೆ ಎಂದು ನನ್ನ ಪಕ್ಕ ಕೂತಿದ್ದ ಶೋಭಾ ಪಿಸುಗುಟ್ಟಿದಳು. ಅದೊಂದರಲ್ಲಿ ಎಲ್ಲ ದೇಶದ ಮಕ್ಕಳೂ ಒಂದೇ.

ಸ್ವಾಗತದ ಹಾಡು ಶುರುವಾಯಿತು. ಒಂದೊಂದು ಮಗುವಿಗೂ ಒಂದೊಂದು ಸಾಲು, ಅದರ ಹೆಸರು ಸೇರಿಸಿ. ಹೆಸರು ಬಂದಾಗ ಎಲ್ಲರೂ ಆ ಮಗುವಿನ ಕಡೆ ತಿರುಗಿ ನೋಡುತ್ತಾರೆ. ಹೇಗೆ ಸ್ವಾಗತಿಸಬೇಕು ಎಂದು ಆ ಮಗುವೇ ಆರಿಸುತ್ತದೆ. ಒಬ್ಬ ಕೈ ಬೀಸಿದ, ಎಲ್ಲರೂ ಬೀಸಿದರು. ಒಬ್ಬಳು ನೆಲ ಕುಟ್ಟಿದಳು, ಎಲ್ಲರೂ ಕುಟ್ಟಿದರು. ಚಿನ್ನು ಕೈ ಜೋಡಿಸಿ "ನಮಸ್ಕಾರ" ಎಂದ, ಇಪ್ಪತ್ತು ಜರ್ಮನ್ ಬಾಯಿಗಳು ಒಟ್ಟಿಗೆ "ನಮಸ್ಕಾರ" ಎಂದವು. ಅವನು ಸೇರಿದ ಹೊಸದರಲ್ಲೇ ಬ್ರಿಗಿಟ್ಟೆ ಅವನ ಮನೆಯ ಮಾತಿನ ಸ್ವಾಗತವನ್ನು ಶೋಭಾಳಿಂದ ಕೇಳಿ ಕಲಿತು ಎಲ್ಲರಿಗೂ ಕಲಿಸಿದ್ದರಂತೆ. ಇನ್ನೊಂದು ಮಗು ಟರ್ಕಿ ಭಾಷೆಯದು, ಇನ್ನೊಂದು ಉಕ್ರೇನಿನದು, ಎಲ್ಲರಿಗೂ ಎಲ್ಲರದೂ ಬರುತ್ತಿತ್ತು. ಒಬ್ಬ ಹುಡುಗ ಮಾತ್ರ ತಲೆ ಬಗ್ಗಿಸಿ ಕೂತಿದ್ದ. ಅವನ ಸಾಲನ್ನೂ ಹಾಡಿದರು, ಏನೂ ಮಾಡು ಎನ್ನಲಿಲ್ಲ, ಮುಂದಿನವಳ ಬಳಿ ಹೋದರು. ನನ್ನ ಕೈ ತುರಿಸಿತು. ನಾನಾಗಿದ್ದರೆ "ಏಯ್, ಜೋರಾಗಿ ಹೇಳೋ" ಎಂದಿರುತ್ತಿದ್ದೆ.

ಅಷ್ಟರಲ್ಲಿ ಬಾಗಿಲು ತೆರೆದು ಶಾಲೆಯ ಮುಖ್ಯಸ್ಥೆ ಒಳಗೆ ಬಂದರು. ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಒಂದು ಕೆಂಪು ಒಂದು ನೀಲಿ ಚಪ್ಪಲಿಯಲ್ಲಿ ಧಡಕ್ಕನೆ ಎದ್ದು ನಿಂತು, "ಗುಡ್ ಮಾರ್ನಿಂಗ್ ಮೇಡಂ!" ಎಂದೆ, ನಮ್ಮ ಶಾಲೆಯ ರಾಗದಲ್ಲೇ. ಮುಖ್ಯಸ್ಥೆ ಬೆಚ್ಚಿದರು. ಮಕ್ಕಳು ಒಂದು ಕ್ಷಣ ನನ್ನನ್ನೇ ನೋಡಿ, ಓ ಇದು ಹೊಸ ಸ್ವಾಗತ ಇರಬೇಕು ಎಂದುಕೊಂಡು, ಇಪ್ಪತ್ತೂ ಜನ ಧಡಕ್ಕನೆ ಎದ್ದು "ಗುಡ್ ಮಾರ್ನಿಂಗ್ ಮೇಡಂ" ಎಂದರು. ಆಮೇಲೆ ಆ ದಿನವೆಲ್ಲ ಬಾಗಿಲು ಯಾರು ತೆರೆದರೂ, ಅಡುಗೆಯಾಕೆ ಬಂದರೂ, ಪಾರ್ಸೆಲ್ ತಂದವನು ಬಂದರೂ, ಅದೇ ಆಯಿತು. ಬ್ರಿಗಿಟ್ಟೆ ಕಣ್ಣೀರು ಬರುವಷ್ಟು ನಕ್ಕರು.

ಆದರೆ ನನಗೆ ನಗುವಿನ ಜೊತೆಗೆ ಇನ್ನೊಂದು ಯೋಚನೆ ಬಂತು. ನಮ್ಮಲ್ಲಿ ದೊಡ್ಡವರು ಬಂದಾಗ ಮಕ್ಕಳು ಎದ್ದು ನಿಂತು ಹೇಳುತ್ತಾರೆ. ಮಗು ಬಂದಾಗ ಯಾರು ಹೇಳುತ್ತಾರೆ? ಇಪ್ಪತ್ತು ವರ್ಷದಲ್ಲಿ ಸಾವಿರ ಸಲ ನನಗೆ ಗುಡ್ ಮಾರ್ನಿಂಗ್ ಸಿಕ್ಕಿದೆ, ಸಾನಿಯಾಗೆ ಒಂದೂ ಸಿಕ್ಕಿಲ್ಲ.

ಕಾಸೆಲ್, ಎರಡನೆಯ ಬೆಳಗು

ಮರುದಿನ ಶೋಭಾಗೆ ಡ್ಯೂಟಿ. ಹಾಗಾಗಿ ನನ್ನ ದುಭಾಷಿ ನಾಲ್ಕು ವರ್ಷದ ಚಿನ್ನು. ಬ್ರಿಗಿಟ್ಟೆ ಎರಡು ನಿಮಿಷ ಏನೋ ಹೇಳಿದರೆ, "ದೊಡ್ಡಮ್ಮ, ಸುಮ್ನೆ ಕೂತ್ಕೊ ಅಂತವ್ರೆ," ಎನ್ನುತ್ತಿದ್ದ. ಅದು ಅನುವಾದವೋ ಅವನ ಸ್ವಂತ ಅಭಿಪ್ರಾಯವೋ ಇಂದಿಗೂ ಗೊತ್ತಿಲ್ಲ.

ಆವತ್ತು ಹಾಡು ಮುಗಿದ ಮೇಲೆ ಆ ದಿನದ ಸರದಿಯ ಹುಡುಗಿ ಎದ್ದು ಒಬ್ಬೊಬ್ಬರ ತಲೆ ಮುಟ್ಟುತ್ತಾ ಎಣಿಸಿದಳು. ಗೋಡೆಯಲ್ಲೊಂದು ಹಲಗೆ. ಒಂದು ಕಡೆ ಶಾಲೆಯ ಚಿತ್ರ, ಇನ್ನೊಂದು ಕಡೆ ಮನೆಯ ಚಿತ್ರ. ಪ್ರತಿ ಮಗುವೂ ಬಂದ ಕೂಡಲೇ ತನ್ನ ಚೀಟಿಯನ್ನು ಮನೆಯಿಂದ ಶಾಲೆಯ ಕಡೆಗೆ ದಾಟಿಸುತ್ತದೆ. ಹುಡುಗಿ ಹಲಗೆ ನೋಡಿ, ಯಾರು ಬಂದಿಲ್ಲ ಎಂದು ಕೇಳಿದಳು. ಎಲ್ಲರೂ "ಎಮಿಲ್!" ಎಂದರು. ಎಮಿಲ್‌ಗೆ ಸೀತಾಳೆ ಸಿಡುಬು ಎದ್ದಿದೆ ಎಂದು ಚಿನ್ನು ತನ್ನ ಹೊಟ್ಟೆಯ ಮೇಲೆಲ್ಲ ಬೆರಳಿಂದ ಚುಕ್ಕೆ ಇಟ್ಟು ತೋರಿಸಿದ. ಆಮೇಲೆ ಅವರು ಮಾಡಿದ್ದು ನನ್ನ ಎದೆಗೆ ನಾಟಿತು. ಎಮಿಲ್‌ನ ಮೆತ್ತೆ ಖಾಲಿಯಾಗಿ ಸುತ್ತಿನಲ್ಲೇ ಇತ್ತು. ಎಲ್ಲರೂ ಆ ಖಾಲಿ ಮೆತ್ತೆಯ ಕಡೆ ತಿರುಗಿ, ಅವನ ಸಾಲನ್ನೂ ಹಾಡಿದರು, ಸ್ವಲ್ಪ ಮೆಲ್ಲಗೆ.

ನಮ್ಮಲ್ಲಿ ಬಾರದ ಮಗುವಿಗೆ ಸಿಗುವುದು ರಿಜಿಸ್ಟರ್‌ನಲ್ಲಿ ಗೈರುಹಾಜರಿಗೆ ಕೆಂಪು ಇಂಕಿನ ಒಂದು 'ಎ'. "ಬಂದಿಲ್ಲಾ ಮಿಸ್" ಎಂದು ಉಳಿದವರು ಕೂಗುವುದರಲ್ಲಿ ಒಂಥರಾ ಗೆಲುವು ಇರುತ್ತದೆ, ನಾನು ಬಂದಿದೀನಿ ನೋಡಿ ಎಂಬಂತೆ.

ಸಂಜೆ ಶೋಭಾಳನ್ನು ಕೇಳಿದೆ, ಚಿನ್ನು ಸೇರಿದಾಗ ಅಳಲಿಲ್ಲವಾ ಎಂದು. "ಅಳಕ್ಕೆ ಬುಟ್ರೆ ತಾನೆ? ಮೊದಲ್ನೇ ಮೂರು ದಿನ ನಾನೂ ಅಲ್ಲೇ ಕೂತಿದ್ದೆ ಕಣೇ. ಆಟ ಆಡ್ಸಂಗಿಲ್ಲ, ಮಾತಾಡ್ಸಂಗಿಲ್ಲ, ಮೂಲೇಲಿ ಕೂತಿರೋದು ಅಷ್ಟೇ. ನಾಲ್ಕನೇ ದಿನ, ಅಮ್ಮ ಹೋಗಿ ಬರ್ತಾಳೆ ಅಂತ ಅವ್ನ ಮುಖ ನೋಡಿ ಹೇಳಿ, ಸ್ವಲ್ಪ ಹೊತ್ತು ಆಚೆ ಹೋಗಿ ಬಂದೆ. ಅತ್ತ. ಬ್ರಿಗಿಟ್ಟೆ ಎತ್ಕೊಂಡ್ರು, ಸುಮ್ನಾದ. ಸುಮ್ನಾದ್ನಲ್ಲ, ಅದಕ್ಕೇ ಮಾರ್ನೇ ದಿನ ಇನ್ನೊಂಚೂರು ಜಾಸ್ತಿ ಹೊತ್ತು. ಸುಮ್ನಾಗ್ದೇ ಇದ್ದಿದ್ರೆ ಇನ್ನೂ ಕೆಲವು ದಿನ ಕೂತಿರ್ಬೇಕಿತ್ತು."

"ಕಣ್ತಪ್ಪಿಸಿ ಓಡ್ಬಂದ್ಬಿಟ್ರೆ ಸುಲಭ ಅಲ್ವಾ?"

"ಅದೊಂದು ಮಾತ್ರ ಮಾಡ್ಬೇಡಿ ಅಂದ್ರು. ಕದ್ದು ಹೋದ್ರೆ ಮಗು ಆಮೇಲೆ ಬಾಗ್ಲನ್ನೇ ಕಾಯ್ತಾ ಕೂರುತ್ತಂತೆ."

ಬಾಗಿಲ ಬಳಿ ಕೊಡೆ ಹಿಡಿದು ಕುಳಿತ ಹುಡುಗಿ ಕಣ್ಣ ಮುಂದೆ ಬಂದಳು. ಅವಳು ಅಳು ನಿಲ್ಲಿಸಿದ್ದು ಒಗ್ಗಿಕೊಂಡು ಅಲ್ಲ, ಕಾದು ಸೋತು.

ಕಾಸೆಲ್, ಟ್ರಾಮ್‌ನಲ್ಲಿ

ಮೂರನೆಯ ದಿನ ಶೋಭಾ ಬೇಗ ಹೊರಟು ಚಿನ್ನುವನ್ನು ಶಿಶುವಿಹಾರಕ್ಕೆ ಬಿಟ್ಟು ಕೆಲಸಕ್ಕೆ ಹೋಗಿದ್ದಳು. ನಾನು ಒಬ್ಬಳೇ ಟ್ರಾಮ್ ಹತ್ತಿ ಐದನೆಯ ನಿಲ್ದಾಣದಲ್ಲಿ ಇಳಿಯಬೇಕಿತ್ತು. ಐದನೆಯದು ಬಂತು. ಬಾಗಿಲ ಎದುರು ನಿಂತೆ. ಬಾಗಿಲು ತೆರೆಯಲಿಲ್ಲ. ಟ್ರಾಮ್ ಹೊರಟುಹೋಯಿತು. ಆರನೆಯದರಲ್ಲೂ ಅದೇ. ಒಳಗೆ ಒಂದು ಗುಂಡಿ ಇದೆ, ಅದನ್ನು ಇಳಿಯುವವರೇ ಒತ್ತಬೇಕು ಎಂದು ನನಗೆ ಯಾರು ಹೇಳಬೇಕು? ನಮ್ಮ ಗುಬ್ಬಿ ಬಸ್ಸಿನಲ್ಲಾದರೆ ಕಂಡಕ್ಟರ್ "ಇಳೀರಿ ಇಳೀರಿ, ಬೇಗ ಬೇಗ" ಎಂದು ನೂಕಿಯಾದರೂ ಇಳಿಸುತ್ತಾನೆ. ಅಲ್ಲಿ ಅಷ್ಟು ಜನ ಕೂತಿದ್ದರು, ಯಾರೂ ತುಟಿ ಬಿಚ್ಚಲಿಲ್ಲ. ಈಕೆಗೆ ಬಾಗಿಲ ಮುಂದೆ ನಿಲ್ಲುವುದು ಇಷ್ಟ ಇರಬೇಕು ಎಂದುಕೊಂಡಿರಬಹುದು. ಕೊನೆಯ ನಿಲ್ದಾಣದಲ್ಲಿ ಇಳಿದು, ದಾರಿ ಕೇಳಿ, ತಪ್ಪಿ, ಮನೆ ಸೇರುವಷ್ಟರಲ್ಲಿ ಮಧ್ಯಾಹ್ನ.

ನಾಲ್ಕನೆಯ ದಿನ ಹೋದಾಗ ಮಕ್ಕಳೆಲ್ಲ ನನ್ನ ಕೈ ಹಿಡಿದು ಹಲಗೆಯ ಬಳಿ ಎಳೆದರು. ಅಲ್ಲಿ ಹೊಸದೊಂದು ಚೀಟಿ ಇತ್ತು. ಸೀರೆಯಂತೆ ಏನೋ ಸುತ್ತಿಕೊಂಡ ಒಂದು ಹೆಂಗಸು, ಒಂದು ಕಾಲು ಕೆಂಪು, ಒಂದು ಕಾಲು ನೀಲಿ. ಅದು ಮನೆಯ ಕಡೆ ಇತ್ತು. "ನಿನ್ನೆ ನೀನ್ ಬರ್ಲಿಲ್ಲ ದೊಡ್ಡಮ್ಮ. ಅದಕ್ಕೆ ನಿಂಗೂ ಹಾಡಿದ್ವಿ," ಎಂದ ಚಿನ್ನು.

ನಾನು ಅಲ್ಲಿ ಟ್ರಾಮಿನ ಗಾಜಿಗೆ ಮೂಗು ಒತ್ತಿಕೊಂಡು ಯಾರಿಗೂ ಬೇಡವಾದವಳ ಹಾಗೆ ನಿಂತಿದ್ದಾಗ, ಇಲ್ಲಿ ನನ್ನ ಹೆಸರು ಹಾಡುತ್ತಿದ್ದರು. ನಲವತ್ತೊಂಬತ್ತು ವರ್ಷದ ಹೆಂಗಸು ಇಪ್ಪತ್ತು ಮಕ್ಕಳ ಮುಂದೆ ಅತ್ತೆ. ಚೀಟಿಯನ್ನು ನಾನೇ ಶಾಲೆಯ ಕಡೆಗೆ ದಾಟಿಸಿದೆ. ಹೊರಡುವ ದಿನ ಅದನ್ನು ನನಗೇ ಕೊಟ್ಟರು.

ಗುಬ್ಬಿ

ಊರಿಗೆ ಬಂದ ಮೇಲೆ ಎರಡು ದಿನ ಹಾಡು ಕಟ್ಟುವುದರಲ್ಲೇ ಕಳೆಯಿತು. ಜರ್ಮನ್ ರಾಗಕ್ಕೆ ಕನ್ನಡ ಕೂರಲಿಲ್ಲ. ಕೊನೆಗೆ ನಮ್ಮಮ್ಮ ರಾಗಿ ಬೀಸುತ್ತಾ ಗುನುಗುತ್ತಿದ್ದ ಒಂದು ಧಾಟಿ ನೆನಪಾಯಿತು, ಅದರಲ್ಲಿ ಹೀಗೆ ಕೂರಿಸಿದೆ:

*ಯಾರು ಬಂದರು, ಯಾರು ಬಂದರು ನಮ್ಮ ಸುತ್ತಿಗೆ?*
*ರಾಘು ಬಂದನು, ರಾಘು ಬಂದನು, ಜಾಗ ಕೊಡಿ ಅವನಿಗೆ!*

ರಾಘು ಎಂದರೆ ನಮ್ಮ ಶಾಲೆಯ ಅತಿ ದೊಡ್ಡ ಬಾಯಿ. ಬಾರದವರಿಗೆ ಇನ್ನೊಂದು:

*ಯಾರು ಬರಲಿಲ್ಲ, ಯಾರು ಬರಲಿಲ್ಲ ನಮ್ಮ ಸುತ್ತಿಗೆ?*
*ಎಲ್ಲೇ ಇರಲಿ, ಹೇಗೇ ಇರಲಿ, ಜಾಗ ಇಡಿ ಅವರಿಗೆ!*

ಕವಿತೆ ಅಂತ ಅಲ್ಲ. ಆದರೆ ಮೂರು ವರ್ಷದ ಬಾಯಿಗೆ ಹೊಂದುತ್ತದೆ, ಯಾವ ಹೆಸರನ್ನಾದರೂ ಎಳೆದೋ ಕುಗ್ಗಿಸಿಯೋ ತುಂಬಬಹುದು.

ಮತ್ತೆ ಅಂತರಸನಹಳ್ಳಿ

ಶಾಲೆ ತೆರೆದ ದಿನ ನಾನು ಕೋಣೆಯ ಮಧ್ಯೆ ಬಟ್ಟೆ ಹಾಸಿ ದೀಪ ಹಚ್ಚಿಟ್ಟೆ. ಹನುಮಕ್ಕ ಬಾಗಿಲಲ್ಲೇ ನಿಂತಳು. "ಏನ್ರವ್ವ, ಹಗಲೊತ್ತು ನೆಲದ್ ಮೇಲೆ ದೀಪ ಮಡಗಿದೀರಿ? ಯಾರಾದ್ರೂ ಹೋಗ್ಬುಟ್ರಾ?" ಎಂದಳು. ದೀಪ ಆರಿಸಿದೆ. ಮಧ್ಯದಲ್ಲಿ ಹನುಮಕ್ಕನೇ ಒಂದು ಚೊಂಬಿನಲ್ಲಿ ದಾಸವಾಳ ಇಟ್ಟಳು.

ಸುತ್ತು ಕೂರಿಸುವುದು ಅದಕ್ಕಿಂತ ಕಷ್ಟವಾಯಿತು. ನಮ್ಮ ಮಕ್ಕಳಿಗೆ ಗೊತ್ತಿರುವುದು ಸಾಲು. ದುಂಡಗೆ ಕೂರಿ ಎಂದರೆ ಒಬ್ಬರ ಹಿಂದೊಬ್ಬರು ರೈಲಾಗಿ ಕುಳಿತರು. ಸೀಮೆಸುಣ್ಣದಲ್ಲಿ ಗೆರೆ ಎಳೆದೆ, ಚಡ್ಡಿಯಲ್ಲೇ ಒರೆಸಿ ಹಾಕಿದರು. ಹನುಮಕ್ಕ ಮನೆಯಿಂದ ತೆಂಗಿನ ನಾರಿನ ಹಗ್ಗ ತಂದು, ತುದಿ ಕಟ್ಟಿ, ನೆಲದ ಮೇಲೆ ದುಂಡಗೆ ಹಾಸಿದಳು. "ಹಗ್ಗ ತುಳೀಬಾರ್ದು, ಹಗ್ಗದ ಆಚೆ ಕೂರ್ಬೇಕು, ಕಾಲ್ಬೆರಳು ಹಗ್ಗಕ್ಕೆ ತಾಗ್ಬೇಕು," ಎಂದಳು. ಒಂದು ನಿಮಿಷದಲ್ಲಿ ಸುತ್ತು ಸಿದ್ಧ. ನಾನು ಜರ್ಮನಿಗೆ ಹೋಗಿ ಬಂದಿದ್ದೆ, ಬುದ್ಧಿ ಮಾತ್ರ ಹನುಮಕ್ಕನ ಹಿತ್ತಿಲಲ್ಲಿತ್ತು.

ಗೋಡೆಗೆ ಹಲಗೆ ಹಾಕಿ ಒಬ್ಬೊಬ್ಬರಿಗೂ ಒಂದು ಚಿತ್ರ ಬರೆದೆವು. ರಾಘುವಿಗೆ ಲಾರಿ. ನನಗೆ ಎರಡು ಬಣ್ಣದ ಚಪ್ಪಲಿಯ ಹೆಂಗಸು. ಸಾನಿಯಾಗೆ ಹಳದಿ ಕೊಡೆ. ಆದರೆ ಸಾನಿಯಾ ಬರಲಿಲ್ಲ. ಅವಳು ಆಗಲೇ ಕುಣಿಗಲ್‌ನಲ್ಲಿ ಅಜ್ಜಿಯ ಮನೆಯಲ್ಲಿದ್ದಳು. "ಹೆಸ್ರು ಹೊಡ್ದಾಕಿ, ಬರಲ್ಲ ಅದು," ಎಂದಳು ಹನುಮಕ್ಕ. ನನಗೆ ಪೆನ್ನು ಎತ್ತಲಾಗಲಿಲ್ಲ. ಕೊಡೆಯನ್ನು ಮನೆಯ ಕಡೆ ಸಿಕ್ಕಿಸಿ, ಹಗ್ಗದಲ್ಲಿ ಒಂದು ಜಾಗ ಬಿಟ್ಟು, ದಿನಾ ಅವಳ ಸಾಲು ಹಾಡಿದೆವು.

ಎರಡು ತಿಂಗಳು ಜೊತೆಗಿದ್ದಾಗ ಅವಳ ಹೆಸರು ಗೊತ್ತಿಲ್ಲದ ಮಕ್ಕಳಿಗೂ ಈಗ ಅವಳದೇ ಮಾತು. ಕುಣಿಗಲ್‌ನಲ್ಲಿ ಏನು ತಿಂಡಿ? ಕೊಡೆ ತಗೊಂಡೋಗವ್ಳಾ? ಒಂದು ದಿನ ರಾಘು, "ಮಿಸ್, ಅವ್ಳಿಗೆ ಕೈ ಬೀಸ್ಬೇಕಾ, ಚಪ್ಪಾಳೆನಾ? ಅವ್ಳಿಗೆ ಯಾವ್ದಿಷ್ಟ?" ಎಂದ. ಅದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಮೂರನೆಯ ವಾರದ ಶನಿವಾರ ನಸೀಮಾ ಬಂದಳು, ಶಾಲೆಯಲ್ಲೇ ಉಳಿದಿದ್ದ ಮಗಳ ಚೀಲ ತೆಗೆದುಕೊಂಡು ಹೆಸರು ತೆಗೆಸಲು. ನಾನು ಮಾತಾಡುವ ಮೊದಲೇ ಮಕ್ಕಳು ಅವಳನ್ನು ಮುತ್ತಿಕೊಂಡರು. ರಾಘು ಅವಳ ದುಪಟ್ಟಾ ಹಿಡಿದು ಎಳೆದು ಹಲಗೆಯಲ್ಲಿ ಕೊಡೆ ತೋರಿಸಿದ. "ನಿಮ್ ಸಾನಿಯಾ ಇಲ್ಲಿ ಅವ್ಳೆ ನೋಡಿ, ಮನೇಲಿ. ಈ ಜಾಗ ಅವ್ಳ್ದು, ಯಾರೂ ಕೂರಂಗಿಲ್ಲ. ಅವ್ಳಿಗೆ ಹೆಂಗ್ ಹೇಳಿದ್ರೆ ಇಷ್ಟ?"

ನಸೀಮಾ ಹಗ್ಗದ ಖಾಲಿ ಜಾಗವನ್ನೇ ನೋಡುತ್ತಾ ನಿಂತಳು. "ಮನೆಗೆ ಯಾರ್ ಬಂದ್ರೂ ಸಲಾಂ ಅಂತಾಳೆ ಕಣಪ್ಪ," ಎಂದು ಹಣೆಗೆ ಕೈ ಇಟ್ಟು ತೋರಿಸಿದಳು. ಆ ಗದ್ದಲದಲ್ಲೇ ಇಪ್ಪತ್ತೊಂದು ಕೈಗಳು ಹಣೆಗೆ ಹೋದವು.

"ನಸೀಮಾ, ತಪ್ಪು ನಂದೇ," ಎಂದೆ. "ನಿಮ್ಮನ್ನ ಹಿಂದೆ ತಿರುಗಿ ನೋಡ್ಬೇಡಿ ಅಂದಿದ್ದು ನಾನು. ಇನ್ನೊಂದ್ಸಲ ಕಳ್ಸಿ. ಈ ಸಲ ಮನೆಯವರು ಯಾರಾದ್ರೂ ಅವ್ಳ ಜೊತೆ ಒಳಗೇ ಕೂರ್ಲಿ."

"ನಂಗೆ ರಜಾ ಕೊಡಲ್ಲ ಮಿಸ್. ನಮ್ಮಮ್ಮ ಒಪ್ಪಿದ್ರೆ ಆಯ್ತು. ಆದ್ರೆ ಅವ್ರು ನಿಮ್ ಮೇಲೆ ಸಿಟ್ಟಾಗವ್ರೆ," ಎಂದಳು. ಚೀಲವನ್ನು ಮಾತ್ರ ಅಲ್ಲೇ ಬಿಟ್ಟು ಹೋದಳು.

ಕುಣಿಗಲ್

ಭಾನುವಾರ ಕುಣಿಗಲ್ ಬಸ್ಸು ಹತ್ತಿದೆ. ಜರ್ಮನಿಯ ವಿಮಾನ ಹತ್ತುವಾಗಲೂ ಅಷ್ಟು ಹೆದರಿರಲಿಲ್ಲ.

ಸಾನಿಯಾಳ ಅಜ್ಜಿ ಮೆಹಬೂಬಮ್ಮ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. "ಬನ್ನಿ ಟೀಚರಮ್ಮ," ಎಂದರು, ಮುಖದಲ್ಲಿ ಬನ್ನಿ ಇರಲಿಲ್ಲ. ಒಳಗಿನಿಂದ ಸಾನಿಯಾ ಇಣುಕಿ, ನನ್ನನ್ನು ಕಂಡ ಕೂಡಲೇ ಅಜ್ಜಿಯ ಬೆನ್ನ ಹಿಂದೆ ಸೇರಿ ಕೊಡೆ ಬಿಡಿಸಿ ಅಡ್ಡ ಹಿಡಿದಳು. ಮಿಸ್ ಕಂಡರೆ ಮಗು ಕೊಡೆ ಹಿಡಿಯುತ್ತದೆ ಎಂದರೆ ಆ ಮಿಸ್ ಎಂಥವಳಿರಬೇಕು!

ಕುರ್ಚಿ ಕೊಟ್ಟರು. ನಾನು ನೆಲದ ಮೇಲೆ ಕೂತೆ. ಅವಳನ್ನು ಕರೆಯಲಿಲ್ಲ. ಅವರೆಕಾಯಿ ಸುಲಿಯುತ್ತಾ, ಎಲ್ಲ ಮಕ್ಕಳ ಸಾಲನ್ನೂ ಒಂದೊಂದಾಗಿ ಹಾಡಿದೆ. ಮೆಹಬೂಬಮ್ಮನ ಹೆಸರೂ ಸೇರಿಸಿದೆ, ಅವರಿಗೆ ನಗು ಬಂತು. ಕೊನೆಯಲ್ಲಿ ಕೊಡೆಯ ಕಡೆ ತಿರುಗಿ ಸಾನಿಯಾ ಸಾಲು ಹಾಡಿ, ಹಣೆಗೆ ಕೈ ಇಟ್ಟು "ಸಲಾಂ" ಎಂದು ಸುಮ್ಮನಾದೆ. ಕೊಡೆ ಕೆಳಗಿಳಿಯಲಿಲ್ಲ. ಆದರೆ ಅದರ ಅಂಚಿನಿಂದ ಒಂದು ಕಣ್ಣು ಕಂಡಿತು. ನನಗೆ ಅಷ್ಟು ಸಾಕಾಗಿತ್ತು.

"ಒಳಗೆ ಕೂರಕ್ಕೆ ಬುಡ್ತೀರಾ ನನ್ನ?" ಎಂದು ಮೆಹಬೂಬಮ್ಮ ಕೇಳಿದರು. "ಗೇಟ್ ಹಾಕ್ಬುಡಲ್ಲ ತಾನೆ?"

"ಗೇಟ್ ಕೀಲಿ ನಿಮ್ಮ ಕೈಗೇ ಕೊಡ್ತೀನಿ," ಎಂದೆ.

ಗೇಟಿನ ಆಚೆ

ಮೆಹಬೂಬಮ್ಮ ಮಗಳ ಮನೆಗೆ ಬಂದು ಉಳಿದರು. ಮೂರು ದಿನ ಮೂಲೆಯಲ್ಲಿ ಕೂತರು, ಮೊಮ್ಮಗಳು ಅವರ ತೊಡೆಗೆ ಅಂಟಿಕೊಂಡು. ಸುಮ್ಮನೆ ಕೂರಿ ಎಂದರೆ ಅವರಿಂದಾಗದು, ಹನುಮಕ್ಕನ ಜೊತೆ ಅಕ್ಕಿ ಆರಿಸಿದರು. ಸಾನಿಯಾಳ ಸಾಲು ದಿನಾ ಬರುತ್ತಿತ್ತು, ಎಲ್ಲರೂ ಸಲಾಂ ಎನ್ನುತ್ತಿದ್ದರು, ಅವಳು ಏನೂ ಮಾಡುತ್ತಿರಲಿಲ್ಲ, ನಾವು ಮುಂದಕ್ಕೆ ಹೋಗುತ್ತಿದ್ದೆವು. ನಾಲ್ಕನೆಯ ದಿನ ಅಜ್ಜಿ ಅವಳ ಮುಖ ನೋಡಿ, "ನಾನಿ ಟೀ ಕುಡ್ದು ಬರ್ತಾಳೆ," ಎಂದು ಹೇಳಿ ಹೊರಟರು. ಸಾನಿಯಾ ಅತ್ತಳು. ಹನುಮಕ್ಕ ಎತ್ತಿಕೊಂಡು ಗೇಟಿನ ಹತ್ತಿರವೇ ನಿಂತಳು, ಅಳು ಇಳಿಯಿತು. ಹತ್ತು ನಿಮಿಷಕ್ಕೆ ಅಜ್ಜಿ ಹೇಳಿದ ಹಾಗೇ ಬಂದರು. ಮರುದಿನ ಅರ್ಧ ಗಂಟೆ. ಆಮೇಲೆ ಊಟದವರೆಗೆ. ಎರಡನೆಯ ವಾರದ ಕೊನೆಗೆ ಸಾನಿಯಾ ಬಾಗಿಲು ಬಿಟ್ಟು ಹಗ್ಗಕ್ಕೆ ಕಾಲ್ಬೆರಳು ತಾಗಿಸಿ ಕೂತಿದ್ದಳು. ಮೆಹಬೂಬಮ್ಮ ಕುಣಿಗಲ್‌ಗೆ ಮರಳಿದರು. ಮಾತು ಮಾತ್ರ ಇನ್ನೂ ಬಂದಿರಲಿಲ್ಲ. ನಾನು ಕೇಳಲೂ ಇಲ್ಲ.

ಅದಾಗಿ ಕೆಲವು ದಿನಕ್ಕೆ ನನ್ನ ಗುಬ್ಬಿ ಬಸ್ಸು ದಾರಿಯಲ್ಲಿ ಟೈರು ಪಂಕ್ಚರಾಗಿ ನಿಂತಿತು. ಅಂತರಸನಹಳ್ಳಿ ಸೇರುವಷ್ಟರಲ್ಲಿ ಗಂಟೆ ಹತ್ತಾಗಿತ್ತು. ಗೇಟಿಗೆ ಕೈ ಹಾಕಿದವಳು ಹಾಗೇ ನಿಂತೆ. ಒಳಗೆ ಸುತ್ತು ನಡೆಯುತ್ತಿತ್ತು.

"ಯಾರ್ ಬಂದಿಲ್ಲ?" ಎಂದು ಹನುಮಕ್ಕ ಕೇಳಿದಳು.

"ಪ್ರೇಮ ಮಿಸ್!" ಎಂದು ಎಲ್ಲರೂ ಕೂಗಿದರು.

"ಇವತ್ತು ಯಾರ ಸರದಿ? ಶುರು ಮಾಡವ್ವ."

ಆಗ ಒಂದು ದನಿ ಒಂಟಿಯಾಗಿ ಹಾಡು ಎತ್ತಿತು. ಸ್ವಲ್ಪ ಒಡಕು, ಅಂದುಕೊಂಡದ್ದಕ್ಕಿಂತ ಗಟ್ಟಿ. *ಪ್ರೇಮ ಮಿಸ್ ಬರಲಿಲ್ಲ, ಪ್ರೇಮ ಮಿಸ್ ಬರಲಿಲ್ಲ, ಜಾಗ ಇಡಿ ಅವರಿಗೆ.* ನನ್ನ ಶಾಲೆಯ ಎಲ್ಲ ಮಕ್ಕಳ ದನಿ ನನಗೆ ಕಣ್ಣು ಮುಚ್ಚಿದರೂ ಗೊತ್ತು. ಇದೊಂದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಹಾಡು ಮುಗಿಯುವವರೆಗೆ ಗೇಟು ತೆಗೆಯಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಒಳಗೆ ಹೋದೆ. ಸಾನಿಯಾ ಎದ್ದು ಹೋಗಿ ಎರಡು ಬಣ್ಣದ ಚಪ್ಪಲಿಯ ಹೆಂಗಸನ್ನು ಮನೆಯಿಂದ ಶಾಲೆಯ ಕಡೆಗೆ ದಾಟಿಸಿದಳು. ತಿರುಗಿ ನನ್ನನ್ನು ನೋಡಿ, ಹಣೆಗೆ ಕೈ ಇಟ್ಟಳು. ಅವಳ ಪಕ್ಕದಲ್ಲೇ ಹಗ್ಗದಲ್ಲಿ ಒಂದು ಜಾಗ ಖಾಲಿ ಇತ್ತು. "ಇಲ್ಲಿ," ಎಂದಳು.